ಕಾಣೆಯಾದ ಬೋಟನ್ನು ಕಡಲಲ್ಲಿ ಎಲ್ಲಿಂದ ಹುಡುಕಲು ಶುರು ಮಾಡುತ್ತಾರೆ?

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ 'ಸುವರ್ಣ ತ್ರಿಭುಜ' ಎಂಬ ಬೋಟು ಆಳಸಮುದ್ರ ಮೀನುಗಾರಿಕೆಗೆ ಹೊರಟಿತು. ಅದರಲ್ಲಿ ಏಳು ಜನ ಇದ್ದರು. ಇಬ್ಬರು ಉಡುಪಿ ಕಡೆಯವರು, ಐವರು ಉತ್ತರ ಕನ್ನಡದವರು. ಡಿಸೆಂಬರ್ 15ರ ನಡುರಾತ್ರಿ ಕಳೆದು ಒಂದು ಗಂಟೆ ಹೊತ್ತಿಗೆ, ಮಹಾರಾಷ್ಟ್ರದ ಕಡಲಲ್ಲಿ, ಬೋಟಿನ ಸಂಪರ್ಕ ಕೊನೆಯಾಯಿತು. ಆಮೇಲೆ ಕೋಸ್ಟ್ ಗಾರ್ಡ್ ಹುಡುಕಿತು, ನೌಕಾಪಡೆ ಹುಡುಕಿತು, ಮೀನುಗಾರರೂ ತಮ್ಮ ಬೋಟುಗಳಲ್ಲಿ ಹೋಗಿ ಹುಡುಕಿದರು. ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದರು. ಕೊನೆಗೆ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಮಾಲ್ವಣ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ, ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅದನ್ನು ಪತ್ತೆ ಮಾಡಿತು.

ಬೋಟು ಹೇಗೆ ಮುಳುಗಿತು ಎಂಬ ವಾದ ಬೇರೆ, ಅದಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಆಗ ಕರಾವಳಿಯ ಮನೆಮನೆಯಲ್ಲಿ ಕೇಳಿದ ಪ್ರಶ್ನೆ ಇನ್ನೊಂದಿತ್ತು. ಅಷ್ಟು ಹಡಗು, ವಿಮಾನ, ಹೆಲಿಕಾಪ್ಟರ್ ಇದ್ದೂ ಒಂದು ಬೋಟು ಕಾಣಲಿಲ್ಲ ಅಂದರೆ ಏನರ್ಥ? ನಿಜವಾಗಿ ಹುಡುಕಿದರಾ, ಸುಮ್ನೆ ಸುತ್ತಿ ಬಂದರಾ? ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ ಪ್ರತಿ ವರ್ಷ ಎಲ್ಲೋ ಒಂದು ಕಡೆ ಈ ಪ್ರಶ್ನೆ ಮತ್ತೆ ಏಳುತ್ತದೆ. ಅದಕ್ಕೆ ಉತ್ತರ ಬೇಕಾದರೆ ಕಡಲಲ್ಲಿ ಹುಡುಕುವ ಲೆಕ್ಕ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಆ ಲೆಕ್ಕದಲ್ಲಿ ಹಡಗುಗಳ ಸಂಖ್ಯೆಗಿಂತ ಗಡಿಯಾರಕ್ಕೆ ಬೆಲೆ ಜಾಸ್ತಿ.

ಮೊದಲ ಫೋನು, ಮೊದಲ ವೃತ್ತ

ಭಾರತದ ಹೊಣೆಗೆ ಬಂದಿರುವ ಕಡಲಿನ ಹುಡುಕಾಟ ಪ್ರದೇಶ ಸುಮಾರು 46 ಲಕ್ಷ ಚದರ ಕಿಲೋಮೀಟರ್. ಇದರ ದೊಡ್ಡ ಸಮನ್ವಯ ಕೇಂದ್ರಗಳು ಮುಂಬೈ, ಚೆನ್ನೈ ಮತ್ತು ಈಗ ಶ್ರೀ ವಿಜಯಪುರಂ ಎಂದು ಹೆಸರಾಗಿರುವ ಪೋರ್ಟ್ ಬ್ಲೇರ್‌ನಲ್ಲಿವೆ. ಅವುಗಳ ಕೆಳಗೆ ಉಪಕೇಂದ್ರಗಳಿವೆ. ನಮ್ಮ ಕರಾವಳಿಗೆ ಹತ್ತಿರದ್ದು ಮಂಗಳೂರಿನ ಪಣಂಬೂರಿನಲ್ಲಿದೆ. 1554ಕ್ಕೆ ಫೋನ್ ಮಾಡಿದರೂ, ವಿಎಚ್‌ಎಫ್ ವೈರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಕೂಗಿದರೂ ಸುದ್ದಿ ಇಂಥ ಕೇಂದ್ರಕ್ಕೇ ಮುಟ್ಟಬೇಕು.

ಫೋನ್ ಎತ್ತಿದವರು ಮೊದಲು ಕೇಳುವುದು ಬೋಟಿನ ಹೆಸರು. ಅದರ ಬೆನ್ನಿಗೇ, ಕೊನೆಯ ಸಲ ಅವರ ಜೊತೆ ಮಾತಾಡಿದವರು ಯಾರು, ಎಷ್ಟು ಗಂಟೆಗೆ, ಆಗ ಬೋಟು ಎಲ್ಲಿತ್ತು ಎಂದು ಕೇಳುತ್ತಾರೆ. ಬೋಟಿನ ಉದ್ದ, ಬಣ್ಣ, ಎಷ್ಟು ಜನ, ಲೈಫ್ ಜಾಕೆಟ್ ಇದೆಯೇ, ಡೀಸೆಲ್ ಎಷ್ಟು ಉಳಿದಿತ್ತು ಎಂಬುದು ಆಮೇಲೆ. ಮನೆಯಲ್ಲಿ ಅಳುತ್ತಾ ಕೂತವರಿಗೆ ಈ ಪ್ರಶ್ನೆಗಳು ಕಾಗದ ತುಂಬುವ ಕೆಲಸದಂತೆ ಕಾಣಬಹುದು. ಆದರೆ ಹುಡುಕಾಟದ ಇಡೀ ನಕ್ಷೆ ಇದರ ಮೇಲೇ ನಿಲ್ಲುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಬೋಟು ಗಂಟೆಗೆ 8 ನಾಟಿಕಲ್ ಮೈಲು ಹೋಗುತ್ತದೆ ಎನ್ನೋಣ. ಒಂದು ನಾಟಿಕಲ್ ಮೈಲು ಅಂದರೆ 1.85 ಕಿಲೋಮೀಟರ್. ಮುಂದೆ ಬರಿ ಮೈಲು ಅಂದಲ್ಲೂ ಇದೇ ಅಳತೆ. ಕೊನೆಯ ಮಾತು ಆಗಿ ಆರು ಗಂಟೆಯೊಳಗೆ ಏನೋ ಆಗಿದೆ, ಯಾವಾಗ ಎಂದು ಗೊತ್ತಿಲ್ಲ, ಯಾವ ದಿಕ್ಕಿಗೆ ಹೋಯಿತು ಎಂದೂ ಗೊತ್ತಿಲ್ಲ. ಆಗ ಬೋಟು ಇರಬಹುದಾದ ಜಾಗ 48 ನಾಟಿಕಲ್ ಮೈಲು ತ್ರಿಜ್ಯದ ಒಂದು ವೃತ್ತ. ಅದರ ವಿಸ್ತೀರ್ಣ ಹತ್ತಿರಹತ್ತಿರ 25,000 ಚದರ ಕಿಲೋಮೀಟರ್, ಅಂದರೆ ಆರು ಕೊಡಗು ಜಿಲ್ಲೆಗಳಷ್ಟು. ಅದೇ ಮೂರು ಗಂಟೆಯ ಗೊಂದಲವಾಗಿದ್ದರೆ ವೃತ್ತದ ತ್ರಿಜ್ಯ ಅರ್ಧವಾಗುತ್ತದೆ, ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ. ಸಮಯ ಎರಡರಷ್ಟಾದರೆ ಹುಡುಕಬೇಕಾದ ನೀರು ನಾಲ್ಕರಷ್ಟು. ಎಷ್ಟು ಹಡಗು ಕಳಿಸಿದರೂ ಇದನ್ನು ಹಿಂದಿಕ್ಕುವುದು ಕಷ್ಟ.

ಇದಕ್ಕೇ ಒಂದು ಸಣ್ಣ ಸುಳಿವೂ ದೊಡ್ಡದು. 2013ರ ಜುಲೈನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮೊಂಟಾಕ್‌ನಿಂದ ಹೊರಟ ಒಂದು ಲಾಬ್‌ಸ್ಟರ್ ಬೋಟಿನಿಂದ ಮೀನುಗಾರರೊಬ್ಬರು ರಾತ್ರಿ ಕಡಲಿಗೆ ಬಿದ್ದರು. ಉಳಿದವರು ಮಲಗಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಮನುಷ್ಯ ಇಲ್ಲ. ರಾತ್ರಿ ಒಂಬತ್ತರಿಂದ ಬೆಳಗಿನ ತನಕ ಯಾವಾಗ ಬೇಕಾದರೂ ಬಿದ್ದಿರಬಹುದು ಎಂದುಕೊಂಡೇ ಹುಡುಕಾಟ ಶುರುವಾಯಿತು. ಆಮೇಲೆ ಬೋಟಿನಲ್ಲಿದ್ದ ಜೊತೆಗಾರ ಡೆಕ್ ಮೇಲೆ ಎರಡು ಸಂಗತಿ ಗಮನಿಸಿದ. ತಣ್ಣೀರಿನ ಪಂಪ್‌ಗಳು ಚಾಲೂ ಆಗಿದ್ದವು. ಒಂದು ಐಸ್‌ಪೆಟ್ಟಿಗೆಯ ಹಿಡಿಕೆ ಕಿತ್ತು ಹೋಗಿತ್ತು. ಆ ಪೆಟ್ಟಿಗೆ ಎಳೆಯುವ ಕೆಲಸ ಮಾಡುವುದು ಯಾವ ಹೊತ್ತಿಗೆ, ಎಷ್ಟು ದೂರ ಹೋದ ಮೇಲೆ ಎಂದು ಅವನಿಗೆ ಗೊತ್ತಿತ್ತು. ಅಷ್ಟರಿಂದಲೇ ಬಿದ್ದ ಸಮಯ ಸರಿಯಾಗಿ ಸಿಕ್ಕಿತು, ಹುಡುಕಾಟ ದಕ್ಷಿಣಕ್ಕೆ ಸರಿಯಿತು. ಸುಮಾರು ಹನ್ನೆರಡು ಗಂಟೆ ನೀರಲ್ಲಿದ್ದ ಮನುಷ್ಯ ಜೀವಂತ ಸಿಕ್ಕಿದ. ಕಿತ್ತುಹೋದ ಹಿಡಿಕೆಯೊಂದು ಸಾವಿರಾರು ಚದರ ಕಿಲೋಮೀಟರ್ ನೀರನ್ನು ನಕ್ಷೆಯಿಂದ ಅಳಿಸಿ ಹಾಕಿತು.

ನೀರು ಒಂದು ಕಡೆ, ಗಾಳಿ ಇನ್ನೊಂದು ಕಡೆ

ಕೊನೆಯ ಜಾಗ ಗೊತ್ತಾಯಿತು ಅಂದುಕೊಳ್ಳಿ. ಅಲ್ಲಿಗೆ ಹೋದರೆ ಬೋಟು ಸಿಗುತ್ತದಾ? ಇಲ್ಲ. ಕಡಲು ನಿಂತ ನೀರಲ್ಲ. ತೇಲುವ ಯಾವುದೇ ವಸ್ತುವನ್ನು ಎರಡು ಶಕ್ತಿಗಳು ಎಳೆಯುತ್ತವೆ. ನೀರಿನ ಹರಿವು ನೀರೊಳಗಿನ ಭಾಗವನ್ನು ಹೊತ್ತೊಯ್ಯುತ್ತದೆ. ಗಾಳಿ ನೀರ ಮೇಲೆ ಕಾಣುವ ಭಾಗವನ್ನು ತಳ್ಳುತ್ತದೆ. ಗಾಳಿಯಿಂದ ಆಗುವ ಈ ಜರುಗುವಿಕೆಗೆ ಲೀವೇ ಎನ್ನುತ್ತಾರೆ. ಎಲ್ಲ ವಸ್ತುವಿಗೂ ಇದು ಒಂದೇ ಅಲ್ಲ. ತಲೆ ಮಾತ್ರ ಹೊರಗೆ ಕಾಣುವ ಮನುಷ್ಯ ಗಾಳಿಯ ವೇಗದ ನೂರಕ್ಕೆ ಒಂದರಷ್ಟು ಸರಿಯುತ್ತಾನೆ. ಚುಕ್ಕಾಣಿ ಕೋಣೆ ಎತ್ತರಕ್ಕೆ ನಿಂತಿರುವ, ಎಂಜಿನ್ ಕೆಟ್ಟ ಮೀನುಗಾರಿಕಾ ಬೋಟು ನೂರಕ್ಕೆ ನಾಲ್ಕರ ಆಸುಪಾಸು ಸರಿಯಬಹುದು. ಅದೇ ಬೋಟು ಮಗುಚಿ ಅಡಿಮೇಲಾಗಿ ತೇಲುತ್ತಿದ್ದರೆ ಗಾಳಿಗೆ ಸಿಗುವ ಭಾಗವೇ ಕಡಿಮೆ. ಆಗ ಅದು ಬೋಟಿನಂತೆ ಅಲ್ಲ, ಹೆಚ್ಚುಕಡಿಮೆ ಮನುಷ್ಯನಂತೆ ತೇಲುತ್ತದೆ.

ನಮ್ಮ ಕಡಲಲ್ಲಿ ಇದಕ್ಕೆ ಒಂದು ವಿಶೇಷ ತೊಡಕು ಇದೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ನೀರು ದಕ್ಷಿಣಕ್ಕೆ ಹರಿಯುತ್ತದೆ. ನವೆಂಬರಿನಿಂದ ಜನವರಿ ತನಕ ಅದೇ ನೀರು ತಿರುಗಿ ಉತ್ತರಕ್ಕೆ ಹರಿಯುತ್ತದೆ. ಆದರೆ ಆ ತಿಂಗಳುಗಳಲ್ಲಿ ಕಡಲ ಮೇಲಿನ ಗಾಳಿ ಬರುವುದು ಹೆಚ್ಚಾಗಿ ಉತ್ತರದ ಕಡೆಯಿಂದ. ಅಂದರೆ ನೀರು ಒಂದು ಕಡೆಗೆ ಎಳೆದರೆ ಗಾಳಿ ಎದುರು ದಿಕ್ಕಿಗೆ ತಳ್ಳುತ್ತದೆ.

ಒಂದು ಉದಾಹರಣೆ ಕಟ್ಟೋಣ. ಇದು ನಡೆದದ್ದಲ್ಲ, ಲೆಕ್ಕಕ್ಕೆ ಮಾತ್ರ. ಡಿಸೆಂಬರಿನ ಒಂದು ಸಂಜೆ ಆರು ಗಂಟೆ. ಭಟ್ಕಳದಿಂದ ಪಶ್ಚಿಮಕ್ಕೆ 20 ನಾಟಿಕಲ್ ಮೈಲು ದೂರದಲ್ಲಿರುವ ಬೋಟನ್ನು ನಡೆಸುವ ತಾಂಡೇಲ ವೈರ್‌ಲೆಸ್‌ನಲ್ಲಿ ಪಕ್ಕದ ಬೋಟಿನವರಿಗೆ ಹೇಳುತ್ತಾನೆ: "ಎಂಜಿನ್ ನಿಂತಿದೆ ಮಾರಾಯ, ನೀರೂ ಬರ್ತಾ ಇದೆ." ಜಿಪಿಎಸ್ ನೋಡಿ ಜಾಗವನ್ನೂ ಹೇಳುತ್ತಾನೆ. ಆಮೇಲೆ ಮಾತಿಲ್ಲ. ಗಾಳಿ ಉತ್ತರದಿಂದ 15 ನಾಟ್, ಅಂದರೆ ಗಂಟೆಗೆ 28 ಕಿಲೋಮೀಟರ್. ನೀರು ಉತ್ತರಕ್ಕೆ 0.4 ನಾಟ್. ಬೆಳಗ್ಗೆ ಆರು ಗಂಟೆಗೆ ಮೊದಲ ವಿಮಾನ ಅಲ್ಲಿಗೆ ಮುಟ್ಟುತ್ತದೆ.

ಬೋಟು ಮುಳುಗದೆ ತೇಲುತ್ತಿದ್ದರೆ? ಗಾಳಿ ಅದನ್ನು 0.6 ನಾಟ್ ವೇಗದಲ್ಲಿ ದಕ್ಷಿಣಕ್ಕೆ ತಳ್ಳುತ್ತದೆ, ನೀರು 0.4 ನಾಟ್ ಉತ್ತರಕ್ಕೆ ಎಳೆಯುತ್ತದೆ. ಉಳಿಯುವುದು ದಕ್ಷಿಣಕ್ಕೆ 0.2 ನಾಟ್. ಹನ್ನೆರಡು ಗಂಟೆಯಲ್ಲಿ ಬೋಟು 2.4 ಮೈಲು ದಕ್ಷಿಣದಲ್ಲಿರುತ್ತದೆ. ಬೋಟು ಆರೂವರೆಗೇ ಮುಳುಗಿ ಜನ ನೀರಲ್ಲಿದ್ದರೆ? ಗಾಳಿ ಅವರನ್ನು 0.15 ನಾಟ್ ಮಾತ್ರ ತಳ್ಳುತ್ತದೆ. ಹಾಗಾಗಿ ಅವರು 0.25 ನಾಟ್ ವೇಗದಲ್ಲಿ ಉತ್ತರಕ್ಕೆ ಸರಿದು, ಬೆಳಗಿನ ಹೊತ್ತಿಗೆ ಸುಮಾರು 3 ಮೈಲು ಉತ್ತರದಲ್ಲಿರುತ್ತಾರೆ. ಒಂದೇ ಜಾಗದಿಂದ ಹೊರಟ ಬೋಟು ಮತ್ತು ಅದರ ಜನ, ಒಂದೇ ರಾತ್ರಿಯಲ್ಲಿ, ಹತ್ತು ಕಿಲೋಮೀಟರ್ ದೂರವಾಗುತ್ತಾರೆ. ಅದೂ ಎದುರುಬದುರು ದಿಕ್ಕಿಗೆ.

ಖಾಲಿ ಮೀನಿನ ಕ್ರೇಟು ಅಥವಾ ಕ್ಯಾನು ಒಂದು ಕಡೆ ಸಿಕ್ಕಿತೆಂದು ಜನರೂ ಅಲ್ಲೇ ಇರಬೇಕು ಎಂದು ಹೇಳಲಾಗದಿರುವುದು ಇದೇ ಕಾರಣಕ್ಕೆ. ಸಿಕ್ಕ ವಸ್ತು ಎಷ್ಟು ಗಾಳಿ ಹಿಡಿಯುತ್ತದೆ ಎಂದು ನೋಡಿ, ಅದು ಬಂದ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಬೇಕು. ಆಮೇಲೆ ಮನುಷ್ಯರ ದಾರಿಯನ್ನು ಹೊಸದಾಗಿ ಮುಂದಕ್ಕೆ ಎಣಿಸಬೇಕು.

ಇನ್ನೂ ಒಂದು ಸೂಕ್ಷ್ಮವಿದೆ. ಬೋಟು ಗಾಳಿಯ ನೇರಕ್ಕೇ ಜರುಗುವುದಿಲ್ಲ. ಅದು ಗಾಳಿಗೆ ಯಾವ ಮೈ ಕೊಟ್ಟು ನಿಂತಿದೆ ಎಂಬುದರ ಮೇಲೆ ಎಡಕ್ಕೋ ಬಲಕ್ಕೋ ವಾಲುತ್ತದೆ. ಯಾವ ಕಡೆ ಎಂದು ದಡದಲ್ಲಿ ಕೂತು ಹೇಳಲು ಬರುವುದಿಲ್ಲ. ಆದ್ದರಿಂದ ಎರಡೂ ಕಡೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಈಗ ಇಷ್ಟನ್ನೂ ಕೈಯಲ್ಲಿ ಮಾಡುವುದಿಲ್ಲ. ಕಡಲ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಸಾರಾಟ್ ಎಂಬ ಸಲಕರಣೆ ಮಾಡಿಕೊಟ್ಟಿದೆ. ವಸ್ತು ಯಾವುದು, ಕೊನೆಗೆ ಕಂಡಿದ್ದು ಎಲ್ಲಿ, ಯಾವಾಗ ಎಂದು ತುಂಬಿದರೆ ಅದು ಗಾಳಿ ಮತ್ತು ನೀರಿನ ಮುನ್ಸೂಚನೆ ತೆಗೆದುಕೊಂಡು, ನೂರಾರು ಕಾಲ್ಪನಿಕ ಬೋಟುಗಳನ್ನು ನಕ್ಷೆಯ ಮೇಲೆ ತೇಲಿಬಿಡುತ್ತದೆ. ಪ್ರತಿಯೊಂದಕ್ಕೂ ಗಾಳಿ, ಹರಿವು, ಸಮಯದಲ್ಲಿ ಚೂರು ವ್ಯತ್ಯಾಸ ಕೊಡುತ್ತದೆ. ಕೊನೆಗೆ ಚುಕ್ಕಿಗಳ ಒಂದು ಮೋಡ ಕಾಣುತ್ತದೆ. ಚುಕ್ಕಿ ದಟ್ಟವಾಗಿರುವಲ್ಲಿ ಬೋಟು ಇರುವ ಸಾಧ್ಯತೆ ಜಾಸ್ತಿ. ಅಮೆರಿಕದ ಕೋಸ್ಟ್ ಗಾರ್ಡ್ ಬಳಸುವ ಸಲಕರಣೆಯ ತತ್ತ್ವವೂ ಇದೇ. ಆದರೆ ಮೋಡ ಸರಿಯಾಗಿ ಬರಬೇಕಾದರೆ ತುಂಬಿದ ಸಮಯ ಮತ್ತು ಜಾಗ ಸರಿ ಇರಬೇಕು. ತಪ್ಪು ಗಂಟೆ ಕೊಟ್ಟರೆ ಅದು ಅಷ್ಟೇ ಚಂದದ ಮೋಡವನ್ನು ತಪ್ಪು ಜಾಗದಲ್ಲಿ ಬಿಡಿಸಿಕೊಡುತ್ತದೆ.

ಚಕ್ಕುಲಿ, ಫ್ಯಾನು, ಗದ್ದೆ

ಈಗ ಹಡಗು ಅಥವಾ ವಿಮಾನ ಆ ಜಾಗದಲ್ಲಿ ಹೇಗೆ ಓಡಬೇಕು? ದಡದಿಂದ ರೇಡಾರಿನಲ್ಲೋ ಆ್ಯಪ್‌ನಲ್ಲೋ ನೋಡಿದವರಿಗೆ 'ಅದೇ ಜಾಗದಲ್ಲಿ ಗಿರಗಿರ ಸುತ್ತುತ್ತಿದ್ದಾರೆ' ಎನಿಸುವುದು ಈ ಹಂತದಲ್ಲೇ. ಆ ಸುತ್ತಿಗೆ ಒಂದು ಆಕಾರ ಇರುತ್ತದೆ. ಯಾವ ಆಕಾರ ಎಂಬುದು, ಜಾಗ ಎಷ್ಟು ಖಚಿತವಾಗಿ ಗೊತ್ತಿದೆ ಎಂಬುದರ ಮೇಲೆ ನಿಂತಿದೆ. ಜಗತ್ತಿನ ಬಹುತೇಕ ಕೋಸ್ಟ್ ಗಾರ್ಡ್‌ಗಳು ಇದಕ್ಕೆ ಅನುಸರಿಸುವುದು ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ ಮತ್ತು ನಾಗರಿಕ ವಿಮಾನಯಾನ ಸಂಸ್ಥೆ ಸೇರಿ ಹೊರತಂದಿರುವ ಒಂದೇ ಕೈಪಿಡಿಯನ್ನು.

ಮನುಷ್ಯ ಬಿದ್ದದ್ದು ಈಗಷ್ಟೇ, ಜಾಗ ಕಣ್ಣಮುಂದೆ ಇದೆ ಎಂದಾದರೆ ಸೆಕ್ಟರ್ ಹುಡುಕಾಟ. ಇದು ಮೂರು ರೆಕ್ಕೆಯ ಫ್ಯಾನಿನ ಹಾಗೆ. ಮೊದಲು ಆ ಜಾಗದಲ್ಲಿ ಹೊಗೆ ಬಿಡುವ ಒಂದು ತೇಲುಗುರುತು ಹಾಕುತ್ತಾರೆ. ಅಲ್ಲಿಂದ ಹಡಗು ಎರಡು ಮೈಲು ನೇರ ಹೋಗುತ್ತದೆ, ಬಲಕ್ಕೆ 120 ಡಿಗ್ರಿ ತಿರುಗಿ ಎರಡು ಮೈಲು, ಮತ್ತೆ ಬಲಕ್ಕೆ 120 ಡಿಗ್ರಿ ತಿರುಗಿ ಎರಡು ಮೈಲು. ಹೀಗೆ ಒಂದು ತ್ರಿಕೋನ ಮುಗಿದು ಗುರುತಿನ ಹತ್ತಿರ ವಾಪಸ್ ಬರುತ್ತದೆ. ಅದನ್ನು ದಾಟಿ ನೇರ ಹೋಗಿ ಎರಡನೇ ತ್ರಿಕೋನ, ಆಮೇಲೆ ಮೂರನೆಯದು. ಒಟ್ಟು ಒಂಬತ್ತು ಗೆರೆ, 18 ಮೈಲು. ಹತ್ತು ನಾಟ್ ವೇಗದಲ್ಲಿ ಎರಡು ಗಂಟೆಯೊಳಗೆ ಮುಗಿಯುತ್ತದೆ. ಮತ್ತೆ ಮತ್ತೆ ನಡುವಿಗೇ ಬರುವುದರಿಂದ ಸಾಧ್ಯತೆ ಹೆಚ್ಚಿರುವ ಜಾಗವನ್ನೇ ಹೆಚ್ಚು ಸಲ ನೋಡಿದಂತಾಗುತ್ತದೆ. ಇದರ ಜಾಣತನ ಇನ್ನೊಂದು ಕಡೆ ಇದೆ. ತೇಲುಗುರುತೂ ನೀರಿನ ಜೊತೆ ಸರಿಯುತ್ತಿರುತ್ತದೆ, ಬಿದ್ದ ಮನುಷ್ಯನೂ ಸರಿಯುತ್ತಿರುತ್ತಾನೆ. ಗುರುತಿಗೆ ಹೊಂದಿಕೊಂಡು ಓಡುವ ಹಡಗಿನ ನಕ್ಷೆಯೂ ಅವರ ಜೊತೆಯೇ ಸರಿಯುತ್ತದೆ. ಒಂದು ಸುತ್ತಿನಲ್ಲಿ ಸಿಗದಿದ್ದರೆ ಫ್ಯಾನಿನ ರೆಕ್ಕೆಗಳನ್ನು 30 ಡಿಗ್ರಿ ತಿರುಗಿಸಿ ಮತ್ತೊಂದು ಸುತ್ತು.

ಜಾಗ ಚೂರು ಅನುಮಾನ, ಆದರೂ ಬಹಳ ದೂರ ಇರಲಾರದು ಎಂದಾದರೆ ಹಿಗ್ಗುವ ಚೌಕ. ಚೌಕಾಕಾರದ ಚಕ್ಕುಲಿ ಒತ್ತಿದ ಹಾಗೆ. ನಡುವಿನಿಂದ ಒಂದು ಅಳತೆ ಹೋಗಿ 90 ಡಿಗ್ರಿ ತಿರುಗಿ ಇನ್ನೊಂದು ಅಳತೆ, ಆಮೇಲೆ ಎರಡೆರಡು, ಆಮೇಲೆ ಮೂರುಮೂರು. ಗೆರೆಗಳ ನಡುವಿನ ಅಂತರ ಎಲ್ಲೂ ಬದಲಾಗಬಾರದು. ಸಣ್ಣ ಹಡಗು ಒಂಟಿಯಾಗಿ ಮಾಡಲು ಇದು ಒಳ್ಳೆಯದು. ಎರಡು ಹಡಗು ಒಟ್ಟಿಗೆ ಮಾಡಿದರೆ ಡಿಕ್ಕಿಯ ಅಪಾಯ.

ಜಾಗ ದೊಡ್ಡದು, ಎಲ್ಲಿ ಬೇಕಾದರೂ ಇರಬಹುದು ಎಂದಾದರೆ ಗದ್ದೆ ಉಳುವ ಹಾಗೆ ಸಮಾಂತರ ಗೆರೆಗಳು. ದೊಡ್ಡ ಆಯತವನ್ನು ತುಂಡು ಮಾಡಿ ಪ್ರತಿ ಹಡಗಿಗೂ, ಪ್ರತಿ ವಿಮಾನಕ್ಕೂ ಒಂದೊಂದು ತುಂಡು ಹಂಚುತ್ತಾರೆ. ಇನ್ನು ಬೋಟು ಯಾವ ದಾರಿಯಲ್ಲಿ ಬರುತ್ತಿತ್ತು ಎಂಬುದು ಮಾತ್ರ ಗೊತ್ತಿದ್ದರೆ, ಎಲ್ಲಕ್ಕಿಂತ ಮೊದಲು ಆ ದಾರಿಯ ಎರಡೂ ಮಗ್ಗುಲನ್ನು ಒಂದು ಸಲ ನೋಡಿ ಬರುತ್ತಾರೆ.

ಕಣ್ಣು ಎಷ್ಟು ಅಗಲ ನೋಡುತ್ತದೆ?

ಸಮಾಂತರ ಗೆರೆಗಳ ನಡುವೆ ಎಷ್ಟು ಅಂತರ ಬಿಡಬೇಕು? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಜನರಿಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದು. ಉತ್ತರ ಕೊಡುವುದು ಹಡಗಿನ ವೇಗವಲ್ಲ, ನೋಡುವವರ ಕಣ್ಣು. ಇದನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಲು ಅಮೆರಿಕದ ನೌಕಾಪಡೆಗೆ ಗಣಿತಜ್ಞ ಬರ್ನಾರ್ಡ್ ಕೂಪ್‌ಮನ್ ಮತ್ತು ಜೊತೆಗಾರರು ಲೆಕ್ಕಕ್ಕೆ ಇಳಿಸಿದರು.

ಹಗಲು, ಹತ್ತು ಮೈಲು ದೂರ ಸ್ಪಷ್ಟವಾಗಿ ಕಾಣುವ ಹವೆ ಎನ್ನೋಣ. ಹಡಗಿನ ಡೆಕ್ಕಿನಿಂದ 12 ಮೀಟರ್ ಉದ್ದದ ಬೋಟನ್ನು ಹುಡುಕುವಾಗ ಗೆರೆಗಳ ನಡುವೆ ಏಳೂವರೆ ಮೈಲು ಅಂತರ ಬಿಡಬಹುದು ಎನ್ನುತ್ತದೆ ಕೈಪಿಡಿ. ನೀರಲ್ಲಿರುವ ಮನುಷ್ಯನನ್ನು ಹುಡುಕುವಾಗ ಅದೇ ಅಂತರ 0.6 ಮೈಲಿಗೆ ಇಳಿಯುತ್ತದೆ. ಗಾಳಿ 15 ನಾಟ್ ದಾಟಿದರೆ ಅಲೆಗಳ ತುದಿ ಒಡೆದು ಬಿಳಿ ನೊರೆ ಏಳುತ್ತದೆ. ಆ ನೂರಾರು ಬಿಳಿ ಚುಕ್ಕಿಗಳ ನಡುವೆ ಒಂದು ತಲೆ ಕಾಣಬೇಕು. ಆಗ ಅಂತರವನ್ನು ಮತ್ತೆ ಅರ್ಧ ಮಾಡುತ್ತಾರೆ. 0.3 ಮೈಲು, ಅಂದರೆ ಅರ್ಧ ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಅಷ್ಟೇ.

ನಮ್ಮ ಭಟ್ಕಳದ ಉದಾಹರಣೆಗೆ ಬನ್ನಿ. ಬೋಟು ದಕ್ಷಿಣದಲ್ಲಿ, ಜನ ಉತ್ತರದಲ್ಲಿ ಇರಬಹುದು. ಎರಡರ ಸುತ್ತಲೂ ತಪ್ಪಿಗೆ ಐದೈದು ಮೈಲು ಜಾಗ ಬಿಟ್ಟರೆ ಸುಮಾರು 16 ಮೈಲು ಉದ್ದ, 10 ಮೈಲು ಅಗಲದ ಆಯತ ಬರುತ್ತದೆ. ಅದು 160 ಚದರ ನಾಟಿಕಲ್ ಮೈಲು. ಬೋಟು ತೇಲುತ್ತಿದ್ದರೆ ಒಂದು ಹಡಗು ಇದನ್ನು ಏಳೂವರೆ ಮೈಲಿಗೆ ಒಂದು ಗೆರೆಯಂತೆ ಎರಡು ಗೆರೆ ಎಳೆದು, ಎರಡು ಮೂರು ಗಂಟೆಯಲ್ಲಿ ಮುಗಿಸುತ್ತದೆ. ಜನ ನೀರಲ್ಲಿದ್ದರೆ? 0.3 ಮೈಲಿಗೊಂದು ಗೆರೆ ಎಳೆಯಬೇಕು. ಒಟ್ಟು 530 ಮೈಲಿಗೂ ಜಾಸ್ತಿ ಓಟ. 15 ನಾಟ್ ವೇಗದ ಹಡಗಿಗೆ 35 ಗಂಟೆ. ಡಿಸೆಂಬರಿನ ಹಗಲು ಇರುವುದೇ ಹನ್ನೊಂದೂವರೆ ಗಂಟೆ. ಅಂದರೆ ಒಂದು ಹಗಲಿನಲ್ಲಿ ಮುಗಿಯಬೇಕಾದರೆ ಮೂರು ನಾಲ್ಕು ಹಡಗು ಬೇಕು. ಬೆಳಿಗ್ಗೆಯಿಂದ ಸಂಜೆಯ ತನಕ ನೀರು ಇನ್ನಷ್ಟು ಸರಿಯುತ್ತದೆ, ಅದು ಬೇರೆ. ಇಷ್ಟೂ ಆಗುವುದು ತಾಂಡೇಲ ತನ್ನ ಜಾಗವನ್ನು ಸರಿಯಾಗಿ ಹೇಳಿದ ಸಂದರ್ಭದಲ್ಲಿ. ಹೇಳದಿದ್ದರೆ ಮೊದಲು ನೋಡಿದ ಆರು ಕೊಡಗಿನಷ್ಟು ನೀರು.

ವಿಮಾನ ಕಳಿಸಿದರೆ ಸುಲಭವಲ್ವಾ ಎಂದು ಎಲ್ಲರೂ ಕೇಳುತ್ತಾರೆ. ವಿಮಾನಕ್ಕೆ ಬೋಟು, ಲೈಫ್‌ರಾಫ್ಟ್ ಬೇಗ ಕಾಣುತ್ತದೆ. ಕೋಸ್ಟ್ ಗಾರ್ಡಿನ ಡಾರ್ನಿಯರ್ ವಿಮಾನ ಒಂದು ದೊಡ್ಡ ಪ್ರದೇಶವನ್ನು ಕೆಲವೇ ಗಂಟೆಯಲ್ಲಿ ನೋಡಿ ಬರಬಲ್ಲದು. ಆದರೆ ನೀರಲ್ಲಿರುವ ಒಬ್ಬ ಮನುಷ್ಯನನ್ನು ವೇಗವಾಗಿ ಹಾರುವ ವಿಮಾನದಿಂದ ಗುರುತಿಸಲು ಸಿಗುವ ಹೊತ್ತು ಕೆಲವು ಸೆಕೆಂಡು. ಅದರ ಕಣ್ಣಿನ ಅಗಲ 0.1 ಮೈಲಿನಷ್ಟಕ್ಕೆ, ಅಂದರೆ 185 ಮೀಟರಿನ ಆಸುಪಾಸಿಗೆ ಕುಗ್ಗುತ್ತದೆ. ವೇಗದಲ್ಲಿ ಗಳಿಸಿದ್ದನ್ನು ಅಗಲದಲ್ಲಿ ಕಳೆದುಕೊಂಡಂತೆ. ಲೈಫ್ ಜಾಕೆಟ್‌ನ ಕಿತ್ತಳೆ ಬಣ್ಣ, ಅದರ ಮೇಲಿನ ಹೊಳೆಯುವ ಪಟ್ಟಿ, ಒಂದು ಸೀಟಿ, ಒಂದು ಸಣ್ಣ ದೀಪ ಇವೆಲ್ಲ ಈ ಅಗಲವನ್ನೇ ಹೆಚ್ಚಿಸುವುದು. ಜಾಕೆಟ್ಟನ್ನು ಹಲಗೆಯ ಕೆಳಗೆ ಗಂಟು ಕಟ್ಟಿ ಇಟ್ಟರೆ ಮುಳುಗದಂತೆ ತಡೆಯುವುದೂ ಇಲ್ಲ, ಕಾಣುವಂತೆ ಮಾಡುವುದೂ ಇಲ್ಲ.

'ಸಿಗಲಿಲ್ಲ' ಎಂದರೆ 'ಇಲ್ಲ' ಎಂದಲ್ಲ

ಗೆರೆಗಳ ಅಂತರ ಕಣ್ಣಿನ ಅಗಲಕ್ಕೆ ಸಮನಾಗಿ ಇಟ್ಟು, ಎಲ್ಲವೂ ಸರಿಯಾಗಿ ನಡೆದರೂ ವಸ್ತು ಕಾಣುವ ಸಾಧ್ಯತೆ ನೂರಕ್ಕೆ 78ರ ಆಸುಪಾಸು. ಗೆರೆ ಅಡ್ಡಾದಿಡ್ಡಿಯಾದರೆ 63ರವರೆಗೂ ಇಳಿಯಬಹುದು. ಅಂದರೆ ಸರಿಯಾದ ಜಾಗವನ್ನು ಸರಿಯಾಗಿ ಹುಡುಕಿಯೂ ಐದು ಸಲದಲ್ಲಿ ಒಂದು ಸಲ ಕಾಣದೆ ಹೋಗಬಹುದು. ಹಾಗಾಗಿ ಹುಡುಕಿ ಬಂದ ಜಾಗವನ್ನು ನಕ್ಷೆಯಿಂದ ಪೂರ್ತಿ ಅಳಿಸುವುದಿಲ್ಲ. ಅದರ ತೂಕವನ್ನು ಇಳಿಸುತ್ತಾರೆ ಅಷ್ಟೇ.

ನಮ್ಮ ಉದಾಹರಣೆಯಲ್ಲಿ ಬೆಳಿಗ್ಗೆ ಕೇಂದ್ರದವರು ಬೋಟು ತೇಲುತ್ತಿದೆ ಎಂಬುದಕ್ಕೆ ನೂರಕ್ಕೆ 70, ಜನ ನೀರಲ್ಲಿದ್ದಾರೆ ಎಂಬುದಕ್ಕೆ 30 ಕೊಟ್ಟರು ಎನ್ನೋಣ. ಮೊದಲು ದಕ್ಷಿಣದಲ್ಲಿ ಬೋಟನ್ನು ಹುಡುಕುತ್ತಾರೆ. ದೊಡ್ಡ ಬೋಟು, ಇದ್ದಿದ್ದರೆ ಕಾಣುವ ಸಾಧ್ಯತೆ 90. ಕಾಣಲಿಲ್ಲ. ಈಗ ಲೆಕ್ಕ ತಿರುಗುತ್ತದೆ. 70ರಲ್ಲಿ ಉಳಿಯುವುದು ಹತ್ತನೇ ಒಂದು ಭಾಗ, ಅಂದರೆ 7. ಆ ಕಡೆ 30 ಹಾಗೇ ಇದೆ. ಒಟ್ಟು 37ರಲ್ಲಿ 30, ಅಂದರೆ ನೂರಕ್ಕೆ 81ರಷ್ಟು ಸಾಧ್ಯತೆ ಈಗ 'ಜನ ನೀರಲ್ಲಿದ್ದಾರೆ' ಎಂಬ ಕಡೆಗೆ. ಹತ್ತು ಗಂಟೆಗೆ ಹಡಗುಗಳೆಲ್ಲ ಉತ್ತರಕ್ಕೆ ತಿರುಗಬೇಕು, ಗೆರೆಗಳು ಒಮ್ಮೆಲೇ ಒತ್ತಾಗಬೇಕು. ಏನೂ ಕಾಣದೆ ಕಳೆದ ಮೂರು ಗಂಟೆಯೂ ಮಾಹಿತಿಯೇ. ಆದರೆ ಎಲ್ಲಿ ಓಡಿದೆವು, ಎಷ್ಟು ಅಂತರದಲ್ಲಿ ಓಡಿದೆವು, ಹವೆ ಹೇಗಿತ್ತು ಎಂದು ಬರೆದಿಟ್ಟಿದ್ದರೆ ಮಾತ್ರ. ನೂರಾರು ಮೀನುಗಾರರು ಪ್ರೀತಿಯಿಂದ ತಮ್ಮ ಬೋಟುಗಳಲ್ಲಿ ಹುಡುಕಲು ಹೋಗುತ್ತಾರಲ್ವಾ, ಅವರ ಕಣ್ಣಿಗಿಂತ ಪಳಗಿದ ಕಣ್ಣು ಬೇರೆಯಿಲ್ಲ. ಪ್ರತಿ ಬೋಟಿಗೂ ಒಂದು ತುಂಡು ನೀರು ಹಂಚಿ, ವಾಪಸ್ ಬಂದಾಗ ಜಿಪಿಎಸ್ ದಾರಿ ಕೇಳಿ ಪಡೆದರೆ ಆ ಶ್ರಮ ಲೆಕ್ಕಕ್ಕೆ ಸೇರುತ್ತದೆ. ಇಲ್ಲದಿದ್ದರೆ ಎಲ್ಲರೂ ಒಂದೇ ನೀರನ್ನು ಮತ್ತೆ ಮತ್ತೆ ನೋಡಿ, ಪಕ್ಕದ ನೀರನ್ನು ಯಾರೂ ನೋಡದೆ ಉಳಿಯಬಹುದು.

ಎಷ್ಟು ದಿನ ಹುಡುಕಬೇಕು ಎಂಬುದೂ ಇದೇ ಲೆಕ್ಕದಿಂದ ಬರುತ್ತದೆ. ಅರಬ್ಬೀ ಸಮುದ್ರದ ನೀರು ಬೆಚ್ಚಗಿದೆ. ಉತ್ತರದ ದೇಶಗಳಲ್ಲಿ ತಣ್ಣೀರು ಕೆಲವೇ ಗಂಟೆಯಲ್ಲಿ ಜೀವ ತೆಗೆದರೆ, ಇಲ್ಲಿ ಏನಾದರೂ ಹಿಡಿದು ತೇಲುವವನು ಒಂದು ದಿನಕ್ಕಿಂತ ಜಾಸ್ತಿ ಬದುಕಿರಲು ಸಾಧ್ಯ. ಇಲ್ಲಿ ಕೊಲ್ಲುವುದು ಆಯಾಸ, ಬಾಯಾರಿಕೆ. ನಮ್ಮ ಕಡಲಲ್ಲಿ ಬೇಗ ಕೈಬಿಡಬಾರದು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಮೌನದ ದಿನಗಳು

ಸುವರ್ಣ ತ್ರಿಭುಜದ ಕಡೆಗೆ ಮತ್ತೆ ನೋಡಿದರೆ ಏನು ಕಾಣುತ್ತದೆ? ಆಳಸಮುದ್ರದ ಬೋಟು ಹತ್ತು ಹನ್ನೆರಡು ದಿನ ಕಡಲಲ್ಲೇ ಇರುತ್ತದೆ. ಫೋನು ಸಿಗದಿರುವುದು ದಿನನಿತ್ಯದ ಮಾತು. ಹಾಗಾಗಿ ಮೊದಲ ದಿನದ ಮೌನ ಯಾರನ್ನೂ ಹೆದರಿಸುವುದಿಲ್ಲ, ಎರಡನೇ ದಿನದ್ದೂ ಇಲ್ಲ. ದಿನಗಳು ಕಳೆದ ಮೇಲೆ ಹುಡುಕಾಟ ಶುರುವಾಗುವಾಗ ಮೊದಲ ವೃತ್ತ ಎಷ್ಟು ಹಿಗ್ಗಿರುತ್ತದೆ ಎಂದು ಈಗ ಊಹಿಸಬಹುದು. ಇನ್ನೂ ದೊಡ್ಡ ಕಷ್ಟ, ಬೋಟು ತೇಲುತ್ತಲೇ ಇರಲಿಲ್ಲ. 60 ಮೀಟರ್ ಕೆಳಗಿರುವುದನ್ನು ಡಾರ್ನಿಯರ್ ವಿಮಾನವೂ ಕಾಣದು, ಹೆಲಿಕಾಪ್ಟರೂ ಕಾಣದು. ಮೇಲ್ಮೈ ಹುಡುಕಾಟದ ಇಡೀ ಲೆಕ್ಕ ತೇಲುವ ವಸ್ತುವಿಗೆ. ತಳ ಹುಡುಕಲು ಬೇಕಾದದ್ದು ಶಬ್ದದ ಪ್ರತಿಧ್ವನಿಯಿಂದ ನೋಡುವ ಸೋನಾರ್. ಅದು ನಿಧಾನ, ಮತ್ತು ಬಹಳ ಸಣ್ಣ ಜಾಗಕ್ಕೆ ಮಾತ್ರ.

ಈ ಮೌನವನ್ನು ಮುರಿಯುವ ಸಲಕರಣೆಗಳು ಇವೆ. ಅಪಾಯದಲ್ಲಿದ್ದೇವೆ ಎಂದು 406 ಮೆಗಾಹರ್ಟ್ಸ್‌ನಲ್ಲಿ ಕೂಗುವ ಬೀಕನ್ನಿನ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬರುತ್ತದೆ, ಅಲ್ಲಿಂದ ಕೋಸ್ಟ್ ಗಾರ್ಡಿಗೆ. ಗುಂಡಿ ಒತ್ತಿದರೆ ಅಪಾಯದ ಸಂದೇಶ ಕಳಿಸುವ, ಮೀನುಗಾರರಿಗೆಂದೇ ಇಸ್ರೋ ಮಾಡಿದ ಡ್ಯಾಟ್ ಎಂಬ ಸಣ್ಣ ಪೆಟ್ಟಿಗೆಯಿದೆ. ಅದರ ಹೊಸ ಮಾದರಿಯಲ್ಲಿ 'ನಿಮ್ಮ ಸಂದೇಶ ಮುಟ್ಟಿದೆ' ಎಂಬ ಉತ್ತರವೂ ವಾಪಸ್ ಬರುತ್ತದೆ. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆಗೆ ಚಾಲನೆ ಕೊಟ್ಟಿತು. ಬೋಟು ಎಲ್ಲಿದೆ ಎಂದು ತಾನಾಗಿಯೇ ತಿಳಿಸುತ್ತಾ ಹೋಗುವ ಪೆಟ್ಟಿಗೆ ಅದು. ನಡುರಾತ್ರಿ ಬೋಟು ಒಮ್ಮೆಲೇ ಮುಳುಗಿದರೆ ಗುಂಡಿ ಒತ್ತಲು ಯಾರಿಗೂ ಸಮಯ ಇರುವುದಿಲ್ಲ. ಆದರೆ ಟ್ರಾನ್ಸ್‌ಪಾಂಡರಿನ ಕೊನೆಯ ಚುಕ್ಕಿ ನಕ್ಷೆಯಲ್ಲಿ ಉಳಿಯುತ್ತದೆ, ಅದರ ಪಕ್ಕದಲ್ಲಿ ಸಮಯವೂ ಇರುತ್ತದೆ. ದೊಡ್ಡ ಹಡಗುಗಳಲ್ಲಿ ಇರುವ ಬೀಕನ್ ಇನ್ನೂ ಒಂದು ಹೆಜ್ಜೆ ಮುಂದೆ. ಹಡಗು ಮುಳುಗಿ ನಾಲ್ಕು ಮೀಟರ್ ಆಳ ತಲುಪುವುದರೊಳಗೆ ನೀರಿನ ಒತ್ತಡಕ್ಕೇ ಅದರ ಕೊಂಡಿ ಬಿಚ್ಚಿಕೊಂಡು ಬೀಕನ್ ಮೇಲೆ ತೇಲಿ ಬಂದು ಕೂಗಲು ಶುರು ಮಾಡುತ್ತದೆ. ಆಳಸಮುದ್ರಕ್ಕೆ ಹೋಗುವ ನಮ್ಮ ಬೋಟುಗಳಿಗೂ ಅದೇ ಬೇಕು.

ಪೆಟ್ಟಿಗೆ ಬರುವ ತನಕ ಬೋಟಿನವರ ಕೈಯಲ್ಲೇ ಇರುವ ಕೆಲಸಗಳೂ ಇವೆ. ಜೊತೆಗೆ ಹೋದ ಎರಡು ಬೋಟುಗಳು ಬೆಳಿಗ್ಗೆ, ಸಂಜೆ ನಿಗದಿ ಹೊತ್ತಿಗೆ ವೈರ್‌ಲೆಸ್‌ನಲ್ಲಿ ಜಾಗ ಹೇಳಿಕೊಂಡು ಬರೆದಿಟ್ಟರೆ ಗೊಂದಲ ಹನ್ನೆರಡು ಗಂಟೆ ಮೀರುವುದಿಲ್ಲ. ಒಂದು ಹೊತ್ತು ತಪ್ಪಿತೆಂದರೆ ಮರುದಿನಕ್ಕೆ ಕಾಯದೆ 1554ಕ್ಕೆ ಹೇಳಬಹುದು. ಯಾರಾದರೂ ಬಿದ್ದರೆ ಬೋಟು ತಿರುಗಿಸುವ ಮೊದಲು ಬಿದ್ದ ಜಾಗವನ್ನು ಗುರುತಿಸಿಡುವ ಜಿಪಿಎಸ್‌ನ MOB ಗುಂಡಿ ಒತ್ತಬೇಕು. ಒಬ್ಬರು ಬಿದ್ದವನ ಮೇಲಿಂದ ಕಣ್ಣು ತೆಗೆಯಬಾರದು. ಕೈಗೆ ಸಿಕ್ಕಿದ ತೇಲುವ ವಸ್ತುಗಳನ್ನೆಲ್ಲ ಎಸೆಯಬೇಕು. ಅದರಲ್ಲಿ ಒಂದು ಕ್ಯಾನಿಗೆ ಮುಕ್ಕಾಲು ನೀರು ತುಂಬಿ ಮುಚ್ಚಳ ಹಾಕಿ ಎಸೆಯಿರಿ. ಖಾಲಿ ಕ್ಯಾನು ಗಾಳಿಗೆ ಓಡಿ ಹೋಗುತ್ತದೆ. ನೀರು ತುಂಬಿದ್ದು ಬಿದ್ದವನ ಹಾಗೆಯೇ ತಗ್ಗಾಗಿ ತೇಲುತ್ತದೆ, ಅವನ ಜೊತೆಯೇ ಸರಿಯುತ್ತದೆ.